ಬಿಲ್ ಬ್ಯಾಡ ಅಂದ ದಿನಾನ ವಾರಂಟಿ ಮುಗಿದಿತ್ತು

(ಭಾಗ 1)

ತಾಳಿಕೋಟೆ ಅಂದ ಕೂಡಲೇ ಹೊರಗಿನವರು 1565ರ ಯುದ್ಧ ಅಂತಾರ. ನಮ್ಮ ಕಾಕಾನ ಅಂಗಡಿ ಕೌಂಟರ್ ಮುಂದ ವಾರಕ್ಕೆರಡು ಸಲ ಆಗೋ ಯುದ್ಧದ ಬಗ್ಗೆ ಯಾರೂ ಬರದಿಲ್ಲ. ಹಂಗಾಗಿ ನಾನ ಬರೀತೀನಿ.

ಗೊತ್ತಿಲ್ಲದವರಿಗೆ: ನಮ್ಮದು ಮೊಬೈಲ್ ಮಾರೋ ಅಂಗಡಿ ಅಲ್ಲ, ಮೊಬೈಲಿಗೆ ಬೇಕಾದ ಸಾಮಾನು ಮಾರೋ ಅಂಗಡಿ. ಚಾರ್ಜರ್, ಕೇಬಲ್, ನೆಕ್‌ಬ್ಯಾಂಡ್, ಇಯರ್‌ಬಡ್, ಪವರ್ ಬ್ಯಾಂಕ್. ಕಾಲೇಜು ಬಿಟ್ಟ ಮ್ಯಾಲೆ ಸಂಜಿ ನಾಕರಿಂದ ರಾತ್ರಿ ಒಂಬತ್ತರ ತನಕ ನಾನು ಅಲ್ಲೇ ಇರ್ತೀನಿ. ಮಾರೋದು ಹಗುರ. ಮಾರಿದ್ದು ಹೊಳ್ಳಿ ಬಂದಾಗ ಏನು ಮಾಡಬೇಕು ಅನ್ನೋದು ಬ್ಯಾರೆ ಕೆಲಸ. ಅದನ್ನ ಬಿಕಾಂ ಸಿಲಬಸ್‌ನಾಗೂ ಹೇಳಿಲ್ಲ, ಕಾಕಾನೂ ಹೇಳಿಕೊಟ್ಟಿಲ್ಲ. ಒಬ್ಬ ಗಿರಾಕಿ ಹೇಳಿಕೊಟ್ಟ, ಅದೂ ಬಾಯಿ ತೆಗೆದು ಬೈಯದೇ.

ನನ್ನ ವಾದ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡ್ರಿ. ನಮ್ಮಂಥ ಊರಾಗ ವಾರಂಟಿ ಕಾರ್ಡ್ ಎಷ್ಟೇ ಛಂದ ಇರಲಿ, ಅಂಗಡಿಯವ ಅದನ್ನ ಹೊತ್ತುಕೊಂಡು ಹೋದ್ರ ಮಾತ್ರ ಅದಕ್ಕ ಬೆಲೆ ಐತಿ. ಅವನು ಹೊತ್ತುಕೊಂಡು ಹೋಗಬೇಕಾದ್ರ ಬೇಕಾಗೋ ಕಾಗದ ಮಾರಿದ ದಿನಾನ ತಯಾರಾಗಬೇಕು. ಹತ್ತು ತಿಂಗಳ ಮ್ಯಾಲೆ ತಯಾರು ಮಾಡಾಕ ಬರಂಗಿಲ್ಲ. ನಾನು ಪ್ರಯತ್ನ ಮಾಡಿ ನೋಡೀನಿ.

(ಭಾಗ 2)

2025ರ ಶಿವರಾತ್ರಿ ಹಿಂದಿನ ದಿನ. ಅಂಗಡಿ ತುಂಬ ಮಂದಿ. ಟಂಟಂ ಹೊಡಿಯೋ ಒಬ್ಬ ಅಣ್ಣಾರು ಬಂದು ಒಂದು ನೆಕ್‌ಬ್ಯಾಂಡ್ ತಗೊಂಡ್ರು. ಎಂಆರ್‌ಪಿ 1,299, ಕೊಟ್ಟಿದ್ದು 1,200ಕ್ಕ. ರೊಕ್ಕ ಕೈಯಾಗೇ ಕೊಟ್ರು, ಫೋನ್‌ಪೇ ಅಲ್ಲ. ನಾನ ಕೇಳಿದೆ, "ಅಣ್ಣಾರ, ಬಿಲ್ ಬೇಕೇನ್ರಿ?" ಅಂತ. ಅವರು ಹೊರಗ ನಿಂತಿದ್ದ ಗಾಡಿ ಕಡೆ ನೋಡಿ, "ಬ್ಯಾಡ ಬಿಡೊ ತಮ್ಮಾ, ನಿಮ್ಮ ಅಂಗಡಿ ಎಲ್ಲಿ ಓಡಿ ಹೋಕ್ಕೈತಿ" ಅಂದ್ರು. ನನಗೂ ಹಗುರ ಆತು. ಮುಂದಿನ ಗಿರಾಕಿ ಕಡೆ ತಿರುಗಿದೆ.

ಈಗ ಹೇಳ್ತೀನಿ, "ಬಿಲ್ ಬೇಕೇನ್ರಿ?" ಅನ್ನೋ ಪ್ರಶ್ನೆನ ತಪ್ಪು. ಬ್ಯಾಡ ಅನ್ನಲಿ ಅಂತನ ನಾವು ಅದನ್ನ ಕೇಳ್ತೀವಿ.

ಡಿಸೆಂಬರ್‌ನಾಗ ಅದೇ ಅಣ್ಣಾರು ಬಂದ್ರು. ನೆಕ್‌ಬ್ಯಾಂಡ್ ಬಲಗಡೆ ಕೇಳ್ತಿಲ್ಲ. ಡಬ್ಬಿ ಯಾವಾಗೋ ಒಗದಾರ. ಕಾರ್ಡ್ ಡಬ್ಬಿ ಒಳಗ ಇತ್ತು, ಅದೂ ಹೋಗೈತಿ. ಕಾರ್ಡ್‌ನಾಗ ಒಂದು ವರ್ಷದ ವಾರಂಟಿ ಅಂತ ಇತ್ತು, ತಗೊಂಡು ಹತ್ತು ತಿಂಗಳು ಆಗೈತಿ. ಲೆಕ್ಕದ ಪ್ರಕಾರ ಇನ್ನೂ ಎರಡು ತಿಂಗಳು ಬಾಕಿ. ನಾನು ಧೈರ್ಯದಿಂದ, "ಆಕ್ಕೈತ್ರಿ ಅಣ್ಣಾರ, ನಾನ ಮಾಡಸ್ತೀನಿ" ಅಂದುಬಿಟ್ಟೆ.

ಕತ್ತಿಗೆ ತಾಗೋ ಒಳಮೈ ಮ್ಯಾಲೆ ಸಣ್ಣ ಅಕ್ಷರದಾಗ ಸೀರಿಯಲ್ ನಂಬರ್ ಇತ್ತು. ಫೋನ್ ಕ್ಯಾಮೆರಾ ಝೂಮ್ ಮಾಡಿ ಓದಿ, ಕಂಪನಿಯ ವೆಬ್‌ಸೈಟಿನಾಗ ದೂರು ಹಾಕಿದೆ. ಮೂರು ಕೇಳ್ತಾರ: ಸೀರಿಯಲ್ ನಂಬರ್, ತೊಂದರೆ ಕಾಣೋ ವಿಡಿಯೊ, ಬಿಲ್. ಬಿಲ್ ಜಾಗದಾಗ ಅಂಗಡಿಯ ಖಾಲಿ ಲೆಟರ್‌ಹೆಡ್ ಮ್ಯಾಲೆ "ಇವರು ನಮ್ಮಲ್ಲೇ ಖರೀದಿ ಮಾಡಿದ್ದಾರೆ" ಅಂತ ಬರದು ಸಹಿ ಮಾಡಿ ಹಾಕಿದೆ. ನಗಬ್ಯಾಡ್ರಿ.

ನಾಲ್ಕು ದಿನಕ್ಕ ಉತ್ತರ ಬಂತು. ಖರೀದಿ ಬಿಲ್ ಇಲ್ಲದಿದ್ರ ವಾರಂಟಿಯನ್ನ ತಯಾರಾದ ತಿಂಗಳಿಂದ ಎಣಿಸ್ತೀವಿ. ಈ ಸೀರಿಯಲ್ ತಯಾರಾಗಿದ್ದು 2024ರ ಜುಲೈನಾಗ. ಅಂದ್ರ ಹದಿನೇಳು ತಿಂಗಳು. ವಾರಂಟಿ ಮುಗದೈತಿ. ದೂರು ಮುಚ್ಚಲಾಗಿದೆ.

ಈ ಹದಿನೇಳರಾಗ ಅಣ್ಣಾರು ಬಳಸಿದ್ದು ಹತ್ತೇ ತಿಂಗಳು. ಉಳಿದ ಏಳು ತಿಂಗಳು ಅದು ಡಬ್ಬಿಯೊಳಗೇ ಇತ್ತು. ಡಿಸ್ಟ್ರಿಬ್ಯೂಟರ್ ಗೋಡೌನ್‌ನಾಗ ಒಂದಿಷ್ಟು, ನಮ್ಮ ಗ್ಲಾಸ್ ಶೋಕೇಸಿನಾಗ ಒಂದಿಷ್ಟು. ಆ ಏಳು ತಿಂಗಳನ್ನ ಅವರ ಕಡೆಯಿಂದ ಕಿತ್ತುಕೊಂಡಿದ್ದು ನಾನು ಬರೀದೇ ಬಿಟ್ಟ ಒಂದು ಚೀಟಿ.

(ಭಾಗ 3)

ಆವಾಗ ಕಾಕಾ ಒಂದು ದಾರಿ ಹೇಳಿದ. "ಹಳೇ ತಾರೀಕು ಹಾಕಿ ಈಗ ಒಂದು ಬಿಲ್ ಬರೀ. ಮಾರಿದ್ದು ಖರೇನ ಐತಿ, ಸುಳ್ಳೇನ ಐತಿ ಅದ್ರಾಗ?"

ಖರೇ ಹೇಳ್ತೀನಿ, ಅರ್ಧ ತಾಸು ನನಗೂ ಅದು ಸರಿ ಅನಸ್ತು. ಮಾರಿದ ದಿನ ಖರೇ, ಗಿರಾಕಿ ಖರೇ, ರೊಕ್ಕ ಖರೇ. ಆದ್ರ ಬಿಲ್ ಬುಕ್‌ನಾಗ ಪ್ರತಿ ಹಾಳಿಗೂ ಓಡೋ ನಂಬರ್ ಇರತೈತಿ. ಫೆಬ್ರವರಿ ತಾರೀಕಿನ ಬಿಲ್ ಡಿಸೆಂಬರ್ ಬುಕ್ಕಿನ ನಂಬರ್ ಹೊತ್ತುಕೊಂಡು ಹೋದ್ರ ಯಾರಾದ್ರೂ ಹಿಡೀತಾರ. ಒಂದು ಸಲ ಹಿಡದ್ರ, ಮುಂದ ನಮ್ಮ ಅಂಗಡಿ ಸಿಕ್ಕಾ ಇರೋ ಪ್ರತಿ ಬಿಲ್ಲನ್ನೂ ಅನುಮಾನದಿಂದ ನೋಡ್ತಾರ. ಆವಾಗ ನಿಜವಾದ ಬಿಲ್ ಇರೋ ಗಿರಾಕಿಗೂ ಪೆಟ್ಟು. ಅಷ್ಟೇ ಅಲ್ಲ, ಹಿಂದಿನ ತಾರೀಕು ಹಾಕಿದ ಕಾಗದ ಸುಳ್ಳು ಕಾಗದನ, ಒಳಗಿನ ಮಾತು ಖರೇ ಇದ್ರೂ. ಅಕೌಂಟ್ಸ್ ಓದೋ ನಾವು ಇದನ್ನಾದ್ರೂ ಒಪ್ಪಿಕೊಬೇಕು.

ಬರೀಲಿಲ್ಲ. ಡಿಸ್ಟ್ರಿಬ್ಯೂಟರ್ ಕಡೆಯಿಂದ ನಾವು ಮಾಲು ತಗೊಂಡ ಬಿಲ್ ಹುಡುಕಿ, ಅವರ ಸೇಲ್ಸ್‌ಮನ್‌ಗೆ ತೋರಿಸಿದೆ. ಅವರ ನಿಯಮ: ಡಬ್ಬಿ ಒಡದ ಕೂಡಲೇ ಕೆಟ್ಟಿದ್ದು ಕಂಡ್ರ ಏಳು ದಿನದೊಳಗ ಬದಲಿ. ಆಮೇಲಿಂದೆಲ್ಲ ಸರ್ವಿಸ್ ಸೆಂಟರ್ ಪಾಲು. ಅವನ ತಪ್ಪೂ ಇಲ್ಲ.

ಕಡೀಕ ಕಾಕಾ ಗಲ್ಲೆದಿಂದ 600 ರೂಪಾಯಿ ತೆಗೆದು ಅಣ್ಣಾರ ಕೈಗೆ ಕೊಟ್ಟ. ಅವರು ಮೊದಲು ಬ್ಯಾಡ ಅಂದ್ರು. ಆಮೇಲೆ ತಗೊಂಡು, "ಬಿಡ್ರಿ ಸಾವ್ಕಾರ್ರ, ನನ್ನ ನಸೀಬ" ಅಂದ್ರು. ನನ್ನ ಕಡೆ ನೋಡಲಿಲ್ಲ. ಅವರ ಟಂಟಂ ಈಗಲೂ ದಿನಾ ನಮ್ಮ ಅಂಗಡಿ ಮುಂದಿಂದನ ಹೋಗತೈತಿ.

(ಭಾಗ 4)

"ಒಂದು ಹೊಸದು ಕೊಟ್ಟುಬಿಟ್ಟಿದ್ರ ಆಗ್ತಿತ್ತಲ್ಲ" ಅಂತ ನಮ್ಮ ಕ್ಲಾಸಿನ ಇಬ್ಬರು ಕೇಳಿದ್ರು. ಲೆಕ್ಕ ನೋಡ್ರಿ. 1,200ಕ್ಕ ಮಾರಿದ ನೆಕ್‌ಬ್ಯಾಂಡ್ ನಮಗೆ ಬಿದ್ದಿದ್ದು 1,040ಕ್ಕ. ಲಾಭ 160. ಒಂದು ಪೀಸನ್ನ ನಮ್ಮ ಕೈಯಿಂದ ಬದಲಿ ಕೊಟ್ರ ಆರೂವರೆ ಪೀಸಿನ ಲಾಭ ಹೋಗತೈತಿ. ಲೈಟ್ ಬಿಲ್, ಅಂಗಡಿ ಬಾಡಿಗಿ ಇನ್ನೂ ಹಿಡದಿಲ್ಲ. ಕಂಪನಿ ಇಡೋ ಲೆಕ್ಕದಾಗ "ವಾರಂಟಿ ಪ್ರೊವಿಜನ್" ಅಂತ ಒಂದು ಸಾಲು ಇರತೈತಿ, ನಾವು ಓದೀವಿ. ಆ ಖರ್ಚನ್ನ ಅವರು ರೇಟಿನಾಗ ಮೊದಲೇ ಸೇರಿಸಿರ್ತಾರ. ಅಂದ್ರ ಗಿರಾಕಿ ಅದಕ್ಕ ರೊಕ್ಕ ಕೊಟ್ಟಾಗೈತಿ. ಅದನ್ನ ಕಂಪನಿಯಿಂದ ವಸೂಲಿ ಮಾಡಿಕೊಡೋದು ಅಂಗಡಿಯವನ ಕೆಲಸ. ತನ್ನ ಗಲ್ಲೆದಿಂದ ತುಂಬೋದು ಅವನ ಕೆಲಸ ಅಲ್ಲ, ಹಂಗ ತುಂಬಿದ್ರ ಅಂಗಡಿ ವರ್ಷ ತುಂಬಾಕಿಲ್ಲ.

ಆದ್ರ "ಕಂಪನಿಗೆ ಹೋಗ್ರಿ" ಅಂತ ಕೈ ತೋರಸೋದು ಇದಕ್ಕಿಂತ ಕೆಟ್ಟದ್ದು. ಹೆಚ್ಚಿನ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ನಮಗೆ ಹತ್ತಿರ ಅಂದ್ರ ವಿಜಯಪುರ. ಬಸ್ಸಿನಾಗ ಹೋಗಿ, ಸೆಂಟರ್ ಹುಡುಕಿ, ಟೋಕನ್ ಹಿಡದು, ಹೊಳ್ಳಿ ಬರೋದ್ರಾಗ ಒಂದು ದಿನದ ಪಗಾರ ಹೋಗತೈತಿ. 250 ರೂಪಾಯಿ ಕೇಬಲ್ಲಿಗೆ ಯಾರು ಹೋಗ್ತಾರ? ಯಾರೂ ಹೋಗೋದಿಲ್ಲ. ಹೋಗೋದಿಲ್ಲ ಅಂತ ಎಲ್ಲಾರಿಗೂ ಗೊತ್ತು. ಹಂಗಿದ್ದೂ ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ ಆರು ತಿಂಗಳು ಅಂತ ಇರತೈತಿ. ಇದನ್ನ ಮೋಸ ಅನ್ನಾಕ ಬರಂಗಿಲ್ಲ, ವಾರಂಟಿ ಅಂತೂ ಅಲ್ಲ.

ಒಬ್ಬ ಹೋದ್ರ ಲುಕ್ಸಾನ, ಹತ್ತು ಮಂದಿಯದು ಒಬ್ಬ ಒಯ್ದ್ರ ಲೆಕ್ಕ ಕೂಡತೈತಿ. ಆ ಒಬ್ಬ ಅಂಗಡಿಯವನ ಆಗಬೇಕು, ಬ್ಯಾರೆ ಯಾರು ಆಗಾಕ ಸಾಧ್ಯ?

(ಭಾಗ 5)

ಸ್ವಲ್ಪ ಕಾನೂನು. ಹೆದರಬ್ಯಾಡ್ರಿ, ಬಿಸಿನೆಸ್ ಲಾ ಪೇಪರಿನಷ್ಟು ಉದ್ದ ಇಲ್ಲ.

1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 12ರಾಗ "ಕಂಡಿಶನ್" ಮತ್ತು "ವಾರಂಟಿ" ಬ್ಯಾರೆ ಬ್ಯಾರೆ. ಕಂಡಿಶನ್ ಮುರಿದ್ರ ಗಿರಾಕಿ ಮಾಲನ್ನ ಬ್ಯಾಡ ಅಂತ ಹೊಳ್ಳಿ ಕೊಡಬಹುದು. ವಾರಂಟಿ ಮುರಿದ್ರ ನಷ್ಟ ಕೇಳಬಹುದು, ಮಾಲು ತಿರಸ್ಕರಿಸಾಕ ಬರಂಗಿಲ್ಲ. ಪರೀಕ್ಷೆಗೆ ಇದನ್ನ ಎರಡು ಕಾಲಂ ಮಾಡಿ ಬರದವರು ನಾವೆಲ್ಲ. ಕೌಂಟರ್ ಮ್ಯಾಲೆ ಇದರ ಅರ್ಥ ಏನಂದ್ರ, ಮನಿಗೆ ಒಯ್ದು ಡಬ್ಬಿ ಒಡದ ದಿನಾನ ಸತ್ತಿರೋ ಚಾರ್ಜರ್‌ಗೂ, ಹತ್ತನೇ ತಿಂಗಳು ಕೆಟ್ಟ ಚಾರ್ಜರ್‌ಗೂ ಒಂದೇ ಉತ್ತರ ಕೊಡಬಾರದು. ಮೊದಲನೇದು ಮಾರೋ ಯೋಗ್ಯತೆನ ಇಲ್ಲದ ಮಾಲು, ಅದರ ಹೊಣೆ ಮಾರಿದ ನಮ್ಮ ಮ್ಯಾಲೆ. ಎರಡನೇದು ಕಂಪನಿ ಕಾರ್ಡಿನ ಮಾತು.

ಇನ್ನೊಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರ ಸೆಕ್ಷನ್ 2(47)ರಾಗ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿ ಐತಿ. ಬಿಲ್ ಕೊಡದೇ ಇರೋದು ಆ ಪಟ್ಟಿಯೊಳಗ ಐತಿ. ದೋಷ ಇರೋ ಮಾಲನ್ನ ವಾಪಸ್ ತಗೊಂಡು ಬಿಲ್ಲಿನಾಗ ಹೇಳಿದ ಅವಧಿಯೊಳಗ ರೊಕ್ಕ ಕೊಡಾಕ ಒಲ್ಲೆ ಅನ್ನೋದೂ ಐತಿ. ಬಿಲ್ಲಿನಾಗ ಅವಧಿ ಹೇಳಿರದಿದ್ರ ಮೂವತ್ತು ದಿನ. ನಮ್ಮ ಬಿಲ್ ಬುಕ್ಕಿನ ಕೆಳಗ "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಅಂತ ಪ್ರಿಂಟ್ ಇತ್ತು. ಪ್ರೆಸ್ಸಿನವರು ಕೇಳದೇನ ಹಾಕಿಕೊಟ್ಟಿದ್ರು. ಹೊಸ ಬುಕ್ಕಿನಾಗ ತೆಗಿಸಿದೆ.

"ಬಿಲ್ ಬರದ್ರ ಟ್ಯಾಕ್ಸಿನವರು ಬರ್ತಾರ" ಅನ್ನೋ ಅಂಜಿಕಿ ಕಾಕಾಗ ಇತ್ತು. 2025ರ ಜುಲೈನಾಗ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಸಣ್ಣ ವ್ಯಾಪಾರಸ್ಥರಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತ್ತು, ಊರೂರಾಗ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಬಿದ್ದುವು. ಆ ಅಂಜಿಕಿ ಸುಳ್ಳಲ್ಲ. ಆದ್ರ ಜಿಎಸ್‌ಟಿ ನೋಂದಣಿ ಆಗೋದು ವರ್ಷದ ವಹಿವಾಟು ನೋಡಿ, ಮಾಲು ಮಾರೋರಿಗೆ 40 ಲಕ್ಷದ ಮಿತಿ. ಬಿಲ್ ಬರದಿದ್ದಕ್ಕ ವಹಿವಾಟು ಹೆಚ್ಚಾಗೋದಿಲ್ಲ, ಬರೀದಿದ್ದಕ್ಕ ಕಡಿಮೆ ಆಗೋದೂ ಇಲ್ಲ. ನೋಂದಣಿ ಇಲ್ಲದವನೂ ಸಾದಾ ಕ್ಯಾಶ್ ಬಿಲ್ ಬರದು ಕೊಡಬಹುದು. ಜಿಎಸ್‌ಟಿ ಅನ್ನೋ ಕಾಲಂ ಹಾಕಿ ತೆರಿಗೆ ವಸೂಲಿ ಮಾಡಬಾರದು, ಅಷ್ಟೇ.

(ಭಾಗ 6)

ಈಗ ನಾವು ಏನು ಮಾಡ್ತೀವಿ.

500 ರೂಪಾಯಿ ಮ್ಯಾಲಿನ ಪ್ರತಿ ಸಾಮಾನಿಗೂ ಬಿಲ್, ಗಿರಾಕಿ ಕೇಳಲಿ ಬಿಡಲಿ. ಬಿಲ್ಲಿನ ಮ್ಯಾಲೆ ಮಾಡೆಲ್ ಹೆಸರು ಮತ್ತು ಸೀರಿಯಲ್ ನಂಬರ್. ಬರೀ "ನೆಕ್‌ಬ್ಯಾಂಡ್ 1 — 1,200" ಅಂತ ಬರದ್ರ ಆ ಬಿಲ್ ಯಾವ ನೆಕ್‌ಬ್ಯಾಂಡಿನದೂ ಆಗಬಹುದು, ಸರ್ವಿಸ್ ಸೆಂಟರಿನವರು ಒಪ್ಪೋದಿಲ್ಲ. ಆಮೇಲೆ ಬಿಲ್ಲನ್ನೂ ಡಬ್ಬಿಯ ಹಿಂಭಾಗವನ್ನೂ ಒಂದೇ ಫೋಟೊದಾಗ ಬರೋಹಂಗ ತೆಗೆದು ಗಿರಾಕಿಯ ವಾಟ್ಸಾಪಿಗೆ ಕಳಸ್ತೀನಿ. ಕಾಗದ ಕಳೀತಾರ, ಡಬ್ಬಿ ಒಗೀತಾರ, ವಾಟ್ಸಾಪ್ ಉಳೀತೈತಿ. ಅವರ ಫೋನ್ ಬದಲಾದ್ರೂ ನಮ್ಮ ಕಡೆ ಇರತೈತಿ. ಎಲ್ಲಾ ಸೇರಿ ಎರಡು ನಿಮಿಷ. ಸಂತಿ ದಿನ ಮೂರು.

ಕೇಬಲ್ಲು, ಸಣ್ಣ ಚಾರ್ಜರಿಗೆ ಒಂದೊಂದಕ್ಕೂ ಬ್ಯಾರೆ ಸೀರಿಯಲ್ ಇರೋದಿಲ್ಲ, ಬ್ಯಾಚ್ ನಂಬರ್ ಅಷ್ಟೇ. ಅದಕ್ಕ ತಿಂಗಳು-ವರ್ಷ ಗುರುತು ಹಾಕೋ ಸಣ್ಣ ಸ್ಟಿಕರ್ ಹಚ್ತೀವಿ. ಕೇಬಲ್ಲಿನ ಸ್ಟಿಕರ್ ಮೂರು ತಿಂಗಳಿಗೆ ತಿಕ್ಕಿ ಹೋಗತೈತಿ, ಅದಕ್ಕ ಇನ್ನೂ ನನಗ ದಾರಿ ಸಿಕ್ಕಿಲ್ಲ.

ಕಾಕಾ ಇದನ್ನೆಲ್ಲ "ಬಿಕಾಂ ಹುಚ್ಚು" ಅಂತಿದ್ದ. ಜನವರಿಯಾಗ ಒಬ್ಬಾತ ಇಯರ್‌ಬಡ್ ತಂದು, ನಿಮ್ಮಲ್ಲೇ ತಗೊಂಡಿದ್ದು, ಬದಲಿ ಕೊಡ್ರಿ ಅಂತ ಜೋರು ಮಾಡಿದ. ಅದೇ ಮಾಡೆಲ್ ಅವನು ನಮ್ಮಲ್ಲಿ ತಗೊಂಡಿದ್ದೂ ಖರೇ. ಫೋಟೊ ತೆಗೆದು ಸೀರಿಯಲ್ ಹೋಲಿಸಿದ್ರ ಕಡೇ ನಾಕು ಅಂಕಿ ಬ್ಯಾರೆ. ಅವರ ತಮ್ಮ ಬ್ಯಾರೆ ಊರಾಗ ತಗೊಂಡಿದ್ದು ಇದು, ಕೆಟ್ಟಿದ್ದು ಅವನದು. ಆತ ನಕ್ಕು ಹೋದ. ಮರುದಿನದಿಂದ ಕಾಕಾನ ನನಗಿಂತ ಮೊದಲು ಸೀರಿಯಲ್ ಬರೀತಾನ.

(ಭಾಗ 7)

ಕೆಟ್ಟಿದೆ ಅಂತ ಬಂದದ್ದೆಲ್ಲ ಕೆಟ್ಟಿರೋದಿಲ್ಲ. ನನ್ನ ಪ್ರಕಾರ ಅಂಗಡಿಯವನ ನಿಜವಾದ ಕಸುಬು ಇಲ್ಲಿ ಐತಿ, ಯಾಕಂದ್ರ ಕೆಡದೇ ಇರೋದನ್ನ ವಿಜಯಪುರಕ್ಕ ಒಯ್ದ್ರ ಅವರು "ದೋಷ ಕಂಡಿಲ್ಲ" ಅಂತ ಬರದು ಹೊಳ್ಳಿ ಕೊಡ್ತಾರ. ಗಿರಾಕಿ ಎರಡು ವಾರ ಕಾದಿರ್ತಾನ, ಸಿಟ್ಟು ನಮ್ಮ ಮ್ಯಾಲೆ.

"ಒಂದು ಕಿವಿ ಕೇಳ್ತಿಲ್ಲ" ಅಂತ ಬಂದ್ರ ಮೊದಲು ನಮ್ಮ ಫೋನಿಗೆ ಜೋಡಿಸಿ ನೋಡ್ತೀನಿ. ನಮ್ಮದ್ರಾಗ ಎರಡೂ ಕೇಳಿದ್ರ ತಪ್ಪು ಗಿರಾಕಿಯ ಫೋನಿನಾಗ. ಸೆಟ್ಟಿಂಗ್ಸ್ ಒಳಗ ಆಕ್ಸೆಸಿಬಿಲಿಟಿ ಅಂತ ಐತಿ, ಅದ್ರಾಗ ಆಡಿಯೊ ಬ್ಯಾಲೆನ್ಸ್ ಅನ್ನೋ ಗೆರಿ. ಮನ್ಯಾಗ ಹುಡುಗರು ಫೋನ್ ಹಿಡದು ಅದನ್ನ ಒಂದು ಕಡೆ ಸರಿಸಿಬಿಟ್ಟಿರ್ತಾರ. ನಡುವ ತಂದು ಇಟ್ರ ಮುಗೀತು. ಇಯರ್‌ಬಡ್ ಆದ್ರ ಜಾಳಿಗಿ ನೋಡ್ಬೇಕು, ಕಿವಿ ಗುಗ್ಗಿ ಕೂತು ದನಿ ಸಣ್ಣ ಆಗಿರತೈತಿ. ಒಣ ಬ್ರಷ್ ಸಾಕು. ಪಿನ್ ಹಾಕಿ ಚುಚ್ಚಿದ್ರೋ, ಜಾಳಿಗಿ ಹರೀತೈತಿ, ಆವಾಗ ವಾರಂಟಿನೂ ಹರೀತೈತಿ.

ಚಾರ್ಜರಿಗೆ ಯುಎಸ್‌ಬಿ ಮೀಟರ್ ಅಂತ ಬೆರಳಿನಷ್ಟು ಒಂದು ಸಾಧನ ಬರತೈತಿ. ಚಾರ್ಜರಿಗೂ ಕೇಬಲ್ಲಿಗೂ ನಡುವ ಸಿಗಿಸಿದ್ರ ಎಷ್ಟು ವೋಲ್ಟ್, ಎಷ್ಟು ಆಂಪ್ ಹೋಗ್ತಿದೆ ಅಂತ ತೋರಸ್ತೈತಿ. ಗಿರಾಕಿಯ ಚಾರ್ಜರ್‌ಗೆ ನಮ್ಮ ಕೇಬಲ್, ಆಮೇಲೆ ನಮ್ಮ ಚಾರ್ಜರ್‌ಗೆ ಗಿರಾಕಿಯ ಕೇಬಲ್. ಎರಡು ಸಲ ಹಾಕಿದ್ರ ಕೆಟ್ಟದ್ದು ಯಾವುದು ಅಂತ ತಾನ ಹೇಳತೈತಿ. ಹೆಚ್ಚಿನ ಸಲ ಕೇಬಲ್ಲು.

ಎಲ್ಲಕ್ಕಿಂತ ಕಷ್ಟ ಪವರ್ ಬ್ಯಾಂಕ್ ಜಗಳ. "ಹತ್ತು ಸಾವಿರದ್ದು ಅಂತ ಕೊಟ್ರಿ, ನನ್ನ ಫೋನ್ ಐದು ಸಾವಿರದ್ದು, ಎರಡು ಸಲ ತುಂಬಬೇಕಲ್ಲ, ಒಂದೂವರೆ ಸಲಕ್ಕ ಖಾಲಿ." ಗಿರಾಕಿ ಲೆಕ್ಕ ತಪ್ಪಲ್ಲ, ಅವನಿಗೆ ಅರ್ಧ ಮಾತು ಹೇಳಿರ್ತಾರ. 10,000 ಎಂಎಎಚ್ ಅನ್ನೋದು ಒಳಗಿನ ಸೆಲ್ಲಿನ ಲೆಕ್ಕ, ಆ ಸೆಲ್ 3.7 ವೋಲ್ಟಿನದು. ಅಂದ್ರ ಒಳಗಿರೋ ಶಕ್ತಿ 37 ವ್ಯಾಟ್-ಅವರ್. ಹೊರಗ ಬರೋದು 5 ವೋಲ್ಟಿನಾಗ. 37ನ್ನ 5ರಿಂದ ಭಾಗಿಸಿದ್ರ 7,400 ಎಂಎಎಚ್. ವೋಲ್ಟ್ ಏರಸೋದ್ರಾಗ ಬಿಸಿಯಾಗಿ ಹೋಗೋದು ಕಳದ್ರ 6,000ದ ಆಚೀಚೆ. ಪವರ್ ಬ್ಯಾಂಕಿನ ಹಿಂದ ಸಣ್ಣ ಅಕ್ಷರದಾಗ "ರೇಟೆಡ್ ಕೆಪ್ಯಾಸಿಟಿ" ಅಂತ ಈ ಎರಡನೇ ಅಂಕಿ ಪ್ರಿಂಟ್ ಇರತೈತಿ. ಮಾರೋ ಮುಂದ ಅದನ್ನ ಬೆರಳಿಟ್ಟು ತೋರಿಸಿದ್ರ ಜಗಳ ಬರೋದಿಲ್ಲ. ಮಾರಿದ ಮ್ಯಾಲೆ ತೋರಿಸಿದ್ರ ಅದ ಮಾತು ನೆಪದಂಗ ಕೇಳಸತೈತಿ.

ಒಂದು ಎಚ್ಚರಿಕಿ. ಉಬ್ಬಿದ ಪವರ್ ಬ್ಯಾಂಕ್ ಬಂದ್ರ ನಾನು ಮೀಟರ್ ಹಚ್ಚೋದಿಲ್ಲ, ಚಾರ್ಜ್ ಮಾಡೋದಿಲ್ಲ, ಒತ್ತಿ ನೋಡೋದಿಲ್ಲ. ಒಳಗ ಲಿಥಿಯಂ ಸೆಲ್ ಇರತೈತಿ, ಬೆಂಕಿ ಹತ್ತತೈತಿ. ಫೋಟೊ ತೆಗೆದು ದೂರು ಹಾಕಿ, ಕಂಪನಿ ಏನು ಹೇಳತೈತೋ ಹಂಗ. ಬಸ್ಸಿನ ಪಾರ್ಸೆಲ್ಲಿನಾಗ ಮಾತ್ರ ಹಾಕಬ್ಯಾಡ್ರಿ.

(ಭಾಗ 8)

ನಿಜವಾಗಿ ಕೆಟ್ಟದ್ದು ಅಂತ ಖಾತ್ರಿ ಆದ್ರ, ತಗೊಂಡಾಗ ಒಂದು ಚೀಟಿ ಕೊಡ್ತೀವಿ. ತಾರೀಕು, ಸೀರಿಯಲ್, ಏನು ತೊಂದರೆ, ಏನೇನು ಕೊಟ್ಟಾರ, ಹೊರಮೈ ಹೆಂಗ ಐತಿ. ಕಡೇದ್ದನ್ನ ಮರೀಬಾರದು. ಮೂಲ್ಯಾಗ ಮೊದಲೇ ಇದ್ದ ಗೀರನ್ನ ಬರದಿಟ್ಟು ಗಿರಾಕಿ ಮುಂದನ ಫೋಟೊ ತೆಗೀಬೇಕು. ಇಲ್ಲದಿದ್ರ ಆಮೇಲೆ ಅದು ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಾಗೋದಿಲ್ಲ. ಇಯರ್‌ಬಡ್ ಒಂದೇ ಕೆಟ್ಟಿದ್ರೂ ಎರಡೂ ಬಡ್ ಮತ್ತು ಕೇಸ್ ಸೇರಿಸಿ ತಗೋಬೇಕು. ಸೀರಿಯಲ್ ಕೇಸಿನ ಮ್ಯಾಲೆ ಇರತೈತಿ, ಬಿಡಿ ಬಡ್ ಒಯ್ದ್ರ ಅವರು ಮುಟ್ಟೋದಿಲ್ಲ.

ಆನ್‌ಲೈನ್ ದೂರು ಅದೇ ದಿನ ಹಾಕಿ ನಂಬರ್ ಗಿರಾಕಿಗೆ ಕಳಸ್ತೀನಿ. ವಾರಂಟಿ ಮುಗಿಯೋ ತಾರೀಕು ಹತ್ತಿರ ಇದ್ದಾಗ ಇದು ಬಹಳ ಮುಖ್ಯ. ಸಾಮಾನು ಸೆಂಟರಿಗೆ ತಲುಪೋದು ತಡ ಆದ್ರೂ, ದೂರು ಅವಧಿಯೊಳಗ ಬಂದಿತ್ತು ಅಂತ ತೋರಸಾಕ ಒಂದು ಆಧಾರ ಇರತೈತಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಎಲ್ಲಾ ಸೇರಿಸಿ ವಿಜಯಪುರಕ್ಕ. ಬಸ್ ಚಾರ್ಜಿಗೆ ಕಾಕಾ ಒಂದು ಬಿಸ್ಕೀಟ್ ಡಬ್ಬಿ ಇಟ್ಟಾನ. ಬಿಲ್ ಬರದ ಪ್ರತಿ ಸಾಮಾನಿಗೆ ಲಾಭದಾಗ ಐದು ರೂಪಾಯಿ ಅದ್ರಾಗ ಬೀಳತೈತಿ. ನಮ್ಮ ಅಂಗಡಿಯ ವಾರಂಟಿ ಪ್ರೊವಿಜನ್ ಅಂದ್ರ ಅದೇ ಡಬ್ಬಿ.

ಫೆಬ್ರವರಿಯಾಗ ನಮ್ಮ ಕಾಲೇಜಿನ ಒಬ್ಬಾಕಿಯ ಇಯರ್‌ಬಡ್ ಹಿಂಗ ಹೋತು. ಎಡ ಬಡ್ ಚಾರ್ಜ್ ಆಗ್ತಿರಲಿಲ್ಲ. ಪಿನ್ ಒರೆಸಿ ನೋಡಿದ್ವಿ, ಎಡ ಬಡ್ಡನ್ನ ಅದೇ ಮಾಡೆಲ್ಲಿನ ನಮ್ಮ ಡೆಮೊ ಕೇಸಿನಾಗ ಇಟ್ಟು ನೋಡಿದ್ವಿ, ಅಲ್ಲೂ ಆಗಲಿಲ್ಲ. ಅಂದ್ರ ಬಡ್ ಸತ್ತೈತಿ, ಕೇಸ್ ಅಲ್ಲ. ಸೆಂಟರಿನವರು ಮೊದಲ ಸಲ ನೋಡಿ "ನೀರು ಹೋಗಿದೆ" ಅಂದ್ರು. ನಾನು ಜಗಳಾಡಲಿಲ್ಲ. "ಹಂಗಂತ ಜಾಬ್ ಶೀಟಿನ ಮ್ಯಾಲೆ ಬರದು ಕೊಡ್ರಿ ಸರ್, ಎಲ್ಲಿ ನೀರಿನ ಗುರುತು ಐತಿ ಅಂತ ಒಂದು ಫೋಟೊ ಕೊಡ್ರಿ, ಗಿರಾಕಿಗೆ ತೋರಸ್ಬೇಕು" ಅಂದೆ. ಒಳಗ ಹೋಗಿ ಇನ್ನೊಬ್ಬರಿಗೆ ತೋರಿಸಿ ಬಂದ್ರು. ನೀರಿನ ಮಾತು ಮತ್ತ ಎತ್ತಲಿಲ್ಲ. ಹನ್ನೊಂದು ದಿನಕ್ಕ ಬದಲಿ ಸೆಟ್ ಬಂತು.

ಅವರನ್ನ ಬೈಯಾಕ ಇದನ್ನ ಬರದಿಲ್ಲ. ಕೌಂಟರಿನಾಗ ಕೂತವನಿಗೆ ದಿನಕ್ಕ ಎಷ್ಟೋ ಪೀಸ್, ನೋಡಿದ ಕೂಡಲೇ ಒಂದು ಮಾತು ಹೇಳಿಬಿಡ್ತಾನ. ಬಾಯಿಲೇ ಹೇಳಿದ ನಿರಾಕರಣೆ ಹಗುರ, ಬರದು ಕೊಡಬೇಕಾದ್ರ ಮತ್ತೊಮ್ಮೆ ನೋಡ್ಬೇಕಾಗತೈತಿ. ಬರದು ಕೊಟ್ರ, ಅದು ತಪ್ಪು ಅನಸಿದ್ರ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡಿದಾಗ ತೋರಸಾಕ ಕೈಯಾಗ ಏನಾದ್ರೂ ಇರತೈತಿ. ಖರೇನ ನೀರು ಹೋಗಿದ್ರ, ವಯರ್ ಕತ್ತರಿಸಿದ್ರ, ನಾನು ಗಿರಾಕಿ ಪರ ವಾದ ಮಾಡೋದಿಲ್ಲ. ಕೌಂಟರಿನಾಗನ ಹೇಳಿ ಕಳಸ್ತೀನಿ.

ಬದಲಿ ಬಂದ ಸೆಟ್ಟಿಗೆ ಹೊಸ ಸೀರಿಯಲ್ ಇತ್ತು. ಇದನ್ನ ಬಹಳ ಮಂದಿ ಬಿಡ್ತಾರ. ವಾರಂಟಿ ಹೊಸದಾಗಿ ಶುರು ಆಗೋದಿಲ್ಲ, ಹೆಚ್ಚಿನ ಕಾರ್ಡ್‌ನಾಗ ಹಳೇದರ ಉಳಿದ ಅವಧಿ ಅಷ್ಟೇ. ಆದ್ರ ನಂಬರ್ ಬದಲಾಗಿರತೈತಿ, ಹಳೇ ಬಿಲ್ಲಿಗೆ ಹೊಂದೋದಿಲ್ಲ. ಹಂಗಾಗಿ ಸರ್ವಿಸ್ ಸೆಂಟರಿನ ಜಾಬ್ ಶೀಟನ್ನ ಹಳೇ ಬಿಲ್ಲಿಗೆ ಪಿನ್ ಮಾಡಿ, ಎರಡನ್ನೂ ಮತ್ತ ಒಂದು ಫೋಟೊ ತೆಗೆದು ಆಕಿಗೆ ಕಳಿಸಿದೆ. "ಇಷ್ಟೆಲ್ಲ ಯಾಕ?" ಅಂತ ಮೆಸೇಜ್ ಬಂತು. ಟಂಟಂ ಅಣ್ಣಾರ ಕತಿ ಹೇಳಿದೆ. ಈ ಸರಣಿ ಬರಿ ಅಂದಾಕಿ ಆಕಿನ.

ಬರೋ ಗುರುವಾರ ವಿಜಯಪುರ ಟ್ರಿಪ್ ಐತಿ. ಡಬ್ಬಿಯಾಗ ಏಳು ಪೀಸ್ ಕೂತಾವ, ಆರಕ್ಕ ಬಿಲ್ ಐತಿ. ಏಳನೇದು ನಮ್ಮ ಅಂಗಡಿದಲ್ಲ, ಪಕ್ಕದ ಓಣಿಯ ಒಬ್ಬ ಅಜ್ಜಾರು ಬ್ಯಾರೆ ಕಡೆ ತಗೊಂಡ ಚಾರ್ಜರ್. ಬಿಲ್ ಇಲ್ಲ, ಡಬ್ಬಿ ಮಾತ್ರ ಇಟ್ಟಾರ. ಡಬ್ಬಿ ಮ್ಯಾಲಿನ ತಯಾರಾದ ತಿಂಗಳು ನೋಡಿದೆ, ಎಣಿಸಿದ್ರ ಇನ್ನೂ ಒಂಬತ್ತು ದಿನ ಉಳದಾವ. ದೂರು ನಿನ್ನೆ ರಾತ್ರಿನ ಹಾಕೀನಿ.